ಚೆಕ್ಕು ವಾಪಸಾದರೆ ಒಂದೇ ಬಾಗಿಲು ಸಾಲದು

ಕೊಟ್ಟ ಸಾಲಕ್ಕೆ ಪಡೆದ ಚೆಕ್ಕು ಬ್ಯಾಂಕಿನಿಂದ ವಾಪಸಾಯಿತೆಂದರೆ ನಮ್ಮವರು ನೇರವಾಗಿ ವಕೀಲರಲ್ಲಿಗೆ ಹೋಗಿ ಕ್ರಿಮಿನಲ್ ಕೇಸು ಹಾಕಿಸುತ್ತಾರೆ. ಇನ್ನು ಹಣ ಬಂದೇ ಬರುವುದೆಂದು ನೆಮ್ಮದಿಯಿಂದ ಕೂರುತ್ತಾರೆ. ಈ ನೆಮ್ಮದಿಯೇ ಹಲವರ ಹಣವನ್ನು ಮುಳುಗಿಸುವಂಥದು.

ಒಂದು ಉದಾಹರಣೆ ನೋಡೋಣ. ಕಾಸರಗೋಡಿನ ಕೃಷಿಕರೊಬ್ಬರು 2022ರ ಜೂನ್ 10ರಂದು, ಕೇಳಿದಾಗ ಹಿಂತಿರುಗಿಸಬೇಕೆಂಬ ಮಾತಿನ ಮೇಲೆ, ವ್ಯಾಪಾರಿಯೊಬ್ಬರಿಗೆ ಬ್ಯಾಂಕಿನ ಮೂಲಕ 2 ಲಕ್ಷ ರೂಪಾಯಿ ಸಾಲ ಕೊಟ್ಟರೆನ್ನಿ. 2024ರ ನವೆಂಬರ್ 4ರ ತಾರೀಕಿನ ಚೆಕ್ಕು ದೊರೆಯಿತು. ಖಾತೆಯಲ್ಲಿ ಹಣವಿಲ್ಲವೆಂಬ ಚೀಟಿಯೊಡನೆ ಅದು ನವೆಂಬರ್ 8ರಂದು ಮರಳಿತು. ಅಂದಿನಿಂದ 30 ದಿನಗಳೊಳಗೆ ಲಿಖಿತ ನೋಟೀಸು ಕಳುಹಿಸಬೇಕು. ನೋಟೀಸು ನವೆಂಬರ್ 23ಕ್ಕೆ ಕೈಸೇರಿದರೆ, ಹಣ ಕೊಡಲು ವ್ಯಾಪಾರಿಗೆ 15 ದಿನಗಳ, ಅಂದರೆ ಡಿಸೆಂಬರ್ 8ರವರೆಗಿನ, ಅವಕಾಶ. ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು ಸಲ್ಲಿಸಬೇಕು. ಸಾಲಗಾರನು ಮಂಗಳೂರಿನವನಾಗಿದ್ದರೂ, ಕೃಷಿಕರು ತಮ್ಮ ಕಾಸರಗೋಡಿನ ಖಾತೆಗೇ ಚೆಕ್ಕು ಹಾಕಿದ್ದರೆ ಕೇಸು ಇಲ್ಲಿಯೇ ನಡೆಯುತ್ತದೆ. 2015ರ ತಿದ್ದುಪಡಿ ಕೊಟ್ಟ ಸೌಕರ್ಯವಿದು.

ಆದರೆ ಈ ಕೇಸು ಮುಖ್ಯವಾಗಿ ಶಿಕ್ಷೆಗಾಗಿ. ಎರಡು ವರ್ಷಗಳವರೆಗೆ ಸಜೆ, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡದಿಂದ ಪರಿಹಾರ ಕೊಡಿಸಬಹುದಾದರೂ ಆರೋಪಿ ಬಿಡುಗಡೆಯಾದರೆ ಅದೂ ಇಲ್ಲ. ನೋಟೀಸು ತಡವಾದದ್ದರಿಂದಲೇ ಕೇಸು ಬಿದ್ದುಹೋಗಬಹುದು.

ಸಾಲವಸೂಲಿಯ ದಾವೆ ಸಿವಿಲ್ ಕೋರ್ಟಿನ ವಿಷಯ. ಅದಕ್ಕೆ ಸಾಲ ಕೊಟ್ಟ ದಿನದಿಂದ ಮೂರು ವರ್ಷಗಳ ಕಾಲಮಿತಿ. ನಮ್ಮ ಉದಾಹರಣೆಯಲ್ಲಿ 2025ರ ಜೂನ್ 10. ಕ್ರಿಮಿನಲ್ ಕೇಸು ನಡೆಯುತ್ತಿದೆಯೆಂದು ಈ ಗಡಿಯಾರ ನಿಲ್ಲುವುದಿಲ್ಲ. ಚೆಕ್ಕಿನ ತಾರೀಕಿನಿಂದ ಅವಧಿ ಎಣಿಸಬೇಕೆಂದು ವಾದಿಸಬಹುದು. ಆದರೆ ಆ ವಾದವನ್ನೇ ನೆಚ್ಚಿ ಕೂರುವುದು ಜಾಣತನವಲ್ಲ. ಅವಧಿ ಮುಗಿಯುವ ಮೊದಲು ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ.

'ಎರಡು ಕಡೆ ಕೇಸು ಹಾಕಿದರೆ ಎರಡು ಸಲ ವಸೂಲಿ ಆದೀತಲ್ಲ, ಅದು ಸರಿಯೇ?' ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು. ಕ್ರಿಮಿನಲ್ ಕೋರ್ಟಿನಲ್ಲಿ ಸಂದ ಪರಿಹಾರವನ್ನು ಸಿವಿಲ್ ಕೋರ್ಟು ತನ್ನ ಲೆಕ್ಕದಲ್ಲಿ ಕಳೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿಯೇ ಹೇಳಿದೆ. ದಾವೆಗೆ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ತೆರಬೇಕೆಂಬುದು ನಿಜ. ಅದಕ್ಕಾಗಿಯೇ ಅನೇಕರು ಹಿಂಜರಿಯುತ್ತಾರೆ. ಆದರೆ ಡಿಕ್ರಿಯಾದರೆ ಸಾಲಗಾರನ ಸೊತ್ತನ್ನು ಜಪ್ತಿ ಮಾಡಿಸಿ ವಸೂಲು ಮಾಡುವ ಹಕ್ಕು ಕೈಗೆ ಬರುತ್ತದೆ.

ಆದುದರಿಂದ ಚೆಕ್ಕು ವಾಪಸಾದ ದಿನವೇ ವಕೀಲರಲ್ಲಿ ಎರಡು ತಾರೀಕುಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ನೋಟೀಸಿಗೆ ಕೊನೆಯ ದಿನ ಯಾವುದು, ದಾವೆಗೆ ಕೊನೆಯ ದಿನ ಯಾವುದು. ಎರಡನೆಯದನ್ನು ಕೇಳದೆ ಮನೆಗೆ ಬರಬಾರದು.