ಸಾಲ ಸಲಹೆಗಾರ ಸಮಯ ತಂದುಕೊಡಬಲ್ಲ, ಮಾಫಿ ತಂದುಕೊಡಲಾರ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಯುವಕರಲ್ಲೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲ್ ತೋರಿಸಿದ. "ಸಾಲ ಅರ್ಧಕ್ಕರ್ಧ ಕಡಿಮೆ ಮಾಡಿಸಿ ಕೊಡುತ್ತೇವೆ, ಇಂದಿನಿಂದಲೇ ಕಂತು ಕಟ್ಟುವುದನ್ನು ನಿಲ್ಲಿಸಿ" ಎಂಬ ಜಾಹೀರಾತು ಅದು. "ಇದು ನಿಜವಾ? ಸೇರಬಹುದಾ?" ಎಂದು ಕೇಳಿದ. ನನಗೂ ಉತ್ತರ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿ, ಈಗ ಸಾಲಗಾರರಿಗೆ ಸಲಹೆ ಕೊಡುವ ಒಬ್ಬರ ಬಳಿ ಇಬ್ಬರೂ ಹೋದೆವು. ಅಲ್ಲಿ ಕಲಿತದ್ದನ್ನು, ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ.

ಅವನು ಮಂಜೇಶ್ವರದಿಂದ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವನು. ಸಂಬಳ 26,000. ತಂದೆಯ ಆಸ್ಪತ್ರೆ ಖರ್ಚಿಗೆ ಮೂರು ಕಡೆ ಸಾಲವಾಗಿದೆ. ಕ್ರೆಡಿಟ್ ಕಾರ್ಡಿನಲ್ಲಿ 1,20,000 ಬಾಕಿ. ತಿಂಗಳಿಗೆ 6,000 ಕಟ್ಟುತ್ತಾನೆ. ಸಹಕಾರಿ ಬ್ಯಾಂಕಿನಲ್ಲಿ ಮಾವನ ಜಾಮೀನಿನ ಮೇಲೆ ತೆಗೆದ ಸಾಲದಲ್ಲಿ 2,00,000 ಬಾಕಿ. ಕಂತು ಸುಮಾರು 9,700. ಅಮ್ಮನ ಬಂಗಾರ ಅಡವಿಟ್ಟದ್ದಕ್ಕೆ ಬಡ್ಡಿ 1,000. ಎಲ್ಲ ಸೇರಿ 16,700. ಮನೆಗೆ ಉಳಿಯುವುದು 9,300, ಬೇಕಾಗಿರುವುದು 14,000. ಕೊರತೆಯನ್ನು ಮತ್ತೆ ಕಾರ್ಡಿನಿಂದಲೇ ತುಂಬುತ್ತಿದ್ದ.

ಸಲಹೆಗಾರರು ಮೊದಲು ಕಾರ್ಡಿನ ಸ್ಟೇಟ್‌ಮೆಂಟ್ ಕೇಳಿದರು. ಬಡ್ಡಿ ತಿಂಗಳಿಗೆ ಶೇಕಡ 3.5. ಅಂದರೆ 1,20,000ಕ್ಕೆ 4,200, ಅದರ ಮೇಲೆ ಶೇಕಡ 18 ಜಿಎಸ್‌ಟಿ 756. ಅವನು ಕಟ್ಟುವ 6,000ದಲ್ಲಿ ಅಸಲಿಗೆ ಹೋಗುವುದು ಸಾವಿರದ ಚಿಲ್ಲರೆ ಮಾತ್ರ. "ಮಗಾ, ನೀನು ಸಾಲ ತೀರಿಸುತ್ತಿಲ್ಲ, ಬಾಡಿಗೆ ಕೊಡುತ್ತಿದ್ದೀ" ಎಂದರು ಅವರು.

ಮಾತುಕತೆಗೆ ದಾರಿ ಇರುವುದು ಇಲ್ಲೇ. ಕಾರ್ಡ್ ಸಾಲಕ್ಕೆ ಬ್ಯಾಂಕಿನ ಕೈಯಲ್ಲಿ ಅಡವಿಲ್ಲ, ಜಾಮೀನಿಲ್ಲ. ಸಾಲಗಾರ ಮುಳುಗಿದರೆ ಬ್ಯಾಂಕಿಗೂ ನಷ್ಟ. ಆದ್ದರಿಂದ ಇಡೀ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿನ ಸಾಲವಾಗಿ ಬದಲಿಸಿ ಎಂದು ಕೇಳಬಹುದು. ಅವರು ಆದಾಯ ಮತ್ತು ಖರ್ಚಿನ ಒಂದು ಪುಟದ ಲೆಕ್ಕ, ಸಂಬಳದ ಚೀಟಿ ಮತ್ತು ಆಸ್ಪತ್ರೆಯ ಬಿಲ್ಲು ಲಗತ್ತಿಸಿ ಪತ್ರ ಬರೆಸಿದರು. ಬ್ಯಾಂಕು ವರ್ಷಕ್ಕೆ ಶೇಕಡ 18ರ ಬಡ್ಡಿಯಲ್ಲಿ 36 ತಿಂಗಳು ಕೊಟ್ಟಿತು. ಕಂತು ಸುಮಾರು 4,340, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿದರೆ ಮೊದಲ ತಿಂಗಳು 4,660ರ ಹತ್ತಿರ. ಕಾರ್ಡನ್ನು ಬ್ಲಾಕ್ ಮಾಡಬೇಕೆಂಬ ಷರತ್ತು ಇತ್ತು. ತಡ ಶುಲ್ಕ ಬಿಟ್ಟುಕೊಡಿ ಎಂದೂ ಕೇಳಿದ್ದರು, ಅದನ್ನೂ ಬಿಟ್ಟರು. ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಆದರೆ ಸಾಲಕ್ಕೊಂದು ಕೊನೆ ಬಂತು.

ಸಹಕಾರಿ ಬ್ಯಾಂಕಿನ ಸಾಲದಲ್ಲಿ ಸಿಕ್ಕಿದ್ದು ಬಡ್ಡಿಯ ಇಳಿಕೆಯಲ್ಲ, ಅವಧಿ. ಉಳಿದಿದ್ದ 24 ತಿಂಗಳನ್ನು 40ಕ್ಕೆ ಏರಿಸಿದರು. ಕಂತು 6,400ಕ್ಕೆ ಇಳಿಯಿತು. ಇದು ದಾನವಲ್ಲ: ಶೇಕಡ 15ರ ಬಡ್ಡಿಯಲ್ಲಿ ಲೆಕ್ಕ ಹಾಕಿದರೆ ಒಟ್ಟು ಸುಮಾರು 22,600 ಹೆಚ್ಚು ಕಟ್ಟಬೇಕಾಗುತ್ತದೆ. ಜೊತೆಗೆ ಮಾವ ಬಂದು ಮತ್ತೆ ಸಹಿ ಹಾಕಬೇಕಾಯಿತು. "ನನ್ನ ಜಾಮೀನು ತೆಗೆಸಿಬಿಡಿ" ಎಂದು ಅವರು ಸಲಹೆಗಾರರನ್ನು ಕೇಳಿಯೇ ಕೇಳಿದರು. ಅದು ಆಗದ ಮಾತು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಒಪ್ಪದೆ ಯಾವ ಸಲಹೆಗಾರನೂ ಅದನ್ನು ಇಳಿಸಲಾರ.

ಬಂಗಾರದ ಸಾಲದ ಮಾತು ಇನ್ನೂ ಚಿಕ್ಕದು. ಒಡವೆ ಅವರ ಪೆಟ್ಟಿಗೆಯಲ್ಲೇ ಇದೆ, ಹಾಗಾಗಿ ಚೌಕಾಶಿ ಮಾಡಬೇಕಾದ ಅಗತ್ಯ ಅವರಿಗಿಲ್ಲ. ಬಡ್ಡಿ ಕಟ್ಟಿ ನವೀಕರಿಸಲು ಅವಕಾಶ ಕೇಳಬಹುದು, ಹರಾಜಿಗೆ ಮೊದಲು ಸ್ವಲ್ಪ ದಿನ ಕೇಳಬಹುದು, ಅಷ್ಟೇ. ಅದಕ್ಕೇ "ಬೇರೆ ಯಾವುದು ತಪ್ಪಿದರೂ ಇದರ ಬಡ್ಡಿ ತಪ್ಪಿಸಬೇಡ" ಎಂದರು.

ಈಗ ತಿಂಗಳಿಗೆ ಹೋಗುವುದು ಸುಮಾರು 12,000. ಮನೆಗೆ ಉಳಿಯುವುದು 14,000ದ ಹತ್ತಿರ. ಬಿಗಿಯೇ, ಆದರೆ ಹೊಸ ಸಾಲ ಬೇಕಾಗಿಲ್ಲ.

ಹಾಗಾದರೆ ಆ ಜಾಹೀರಾತು ಪೂರ್ತಿ ಸುಳ್ಳೇ? ಇಲ್ಲ. ಸೆಟಲ್‌ಮೆಂಟ್ ಎಂಬುದು ಇದೆ. ಬಾಕಿಗಿಂತ ಕಡಿಮೆ ಮೊತ್ತವನ್ನು ಒಟ್ಟಿಗೆ ಪಡೆದು ಲೆಕ್ಕ ಮುಗಿಸಲು ರಿಸರ್ವ್ ಬ್ಯಾಂಕಿನ ನಿಯಮಗಳು ಬ್ಯಾಂಕುಗಳಿಗೆ ಅವಕಾಶ ಕೊಡುತ್ತವೆ. ಆದರೆ ಕೊಡಬೇಕೋ ಬೇಡವೋ ಎಂಬುದು ಬ್ಯಾಂಕಿನ ತೀರ್ಮಾನ, ಅದು ಸಾಲಗಾರನ ಹಕ್ಕಲ್ಲ. ಸಾಮಾನ್ಯವಾಗಿ ಕಂತು ತಿಂಗಳುಗಟ್ಟಲೆ ನಿಂತ ಮೇಲೆಯೇ ಆ ಮಾತು ಬರುತ್ತದೆ. ಅಷ್ಟರಲ್ಲಿ ಬಡ್ಡಿ, ದಂಡ ಬೆಳೆದಿರುತ್ತವೆ. 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ. ಚೆಕ್ ಅಥವಾ ಬ್ಯಾಂಕ್ ಖಾತೆಯ ಆಟೋ ಡೆಬಿಟ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು ಹಾಕಲೂ ಅವಕಾಶವಿದೆ. ಜಾಮೀನುದಾರನ ಮನೆಗೂ ನೋಟಿಸು ಬರುತ್ತದೆ. ಇದರಲ್ಲಿ ಯಾವುದನ್ನೂ ತಡೆಯುವ ಅಧಿಕಾರ ಆ ಕಂಪನಿಗಳಿಗಿಲ್ಲ. ಎಲ್ಲ ಮುಗಿದ ಮೇಲೂ ಸಿಬಿಲ್ ವರದಿಯಲ್ಲಿ 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಉಳಿಯುತ್ತದೆ. ಕೃಷಿಯೇತರ ಸಾಲವಾದರೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ನಿಜವಾಗಿ ಇದ್ದ ಬಾಕಿಯ ದಾಖಲೆಯನ್ನು ಅಳಿಸಿ ಕೊಡುತ್ತೇವೆ ಎನ್ನುವವನು ಮೋಸಗಾರ. ತಿದ್ದಿಸಲು ಆಗುವುದು ತಪ್ಪಾಗಿ ನಮೂದಾದದ್ದನ್ನು ಮಾತ್ರ.

ಕೆಲಸ ಹೋಗಿ, ಕಂತು ಕಟ್ಟುವ ಯಾವ ದಾರಿಯೂ ಇಲ್ಲದವರಿಗೆ ಸೆಟಲ್‌ಮೆಂಟ್ ಸರಿಯಾದ ದಾರಿಯೇ ಆಗಿರಬಹುದು. ಅಂಥವರು ಒಪ್ಪಂದದ ಮೊತ್ತ, ಕೊನೆಯ ದಿನಾಂಕ ಎರಡೂ ಇರುವ ಪತ್ರವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪಡೆಯದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಹಣ ಹೋಗಬೇಕಾದದ್ದು ಸಾಲದ ಖಾತೆಗೆ ನೇರವಾಗಿ, ಮಧ್ಯವರ್ತಿಯ ಖಾತೆಗಲ್ಲ. ಕೊನೆಗೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಕೈಗೆ ಬರಬೇಕು.

ವಸೂಲಿಯವರ ಕಾಟದ ವಿಷಯದಲ್ಲಿ ಮಾತ್ರ ಸಲಹೆಗಾರನ ಮಾತಿಗೆ ನಿಯಮದ ಬೆಂಬಲವಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಮನೆಯವರನ್ನು ಸ್ನೇಹಿತರನ್ನು ಅವಮಾನಿಸುವಂತಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಲ್ಲಿ ಸರಿಯಾದ ಉತ್ತರ ಸಿಗದಿದ್ದರೆ cms.rbi.org.in ಮೂಲಕ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಕಾಟ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ನಮ್ಮವರು ಸಲಹೆ ಕೇಳಲು ತಡವಾಗಿ ಹೋಗುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟು, ನಾಲ್ಕು ಕಂತು ತಪ್ಪಿ, ವಸೂಲಿಯವರು ಅಂಗಳಕ್ಕೆ ಬಂದ ಮೇಲೆ ಹೋಗುತ್ತಾರೆ. ಆಗ ಸಲಹೆಗಾರನ ಕೈಯಲ್ಲಿ ಉಳಿದಿರುವುದು ಸೆಟಲ್‌ಮೆಂಟ್ ಒಂದೇ. ನಮ್ಮ ಗೆಳೆಯನಿಗೆ ಬ್ಯಾಂಕು ಕಿವಿಗೊಟ್ಟದ್ದು ಅವನು ಇನ್ನೂ ಒಂದು ಕಂತನ್ನೂ ತಪ್ಪಿಸಿರಲಿಲ್ಲ ಎಂಬ ಕಾರಣಕ್ಕೆ. ಕಂತು ಕಟ್ಟಲು ಇನ್ನೊಂದು ಸಾಲ ತೆಗೆದ ತಿಂಗಳೇ ಹೋಗಬೇಕಾದ ತಿಂಗಳು.

ಎಲ್ಲಿಗೆ ಹೋಗುವುದು? ಮೊದಲು ಸಾಲ ಕೊಟ್ಟ ಬ್ಯಾಂಕಿನ ಮ್ಯಾನೇಜರರ ಬಳಿಗೇ. ಮಾತಾಡಲು ಧೈರ್ಯ ಬಾರದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಹಣಕಾಸು ಸಾಕ್ಷರತಾ ಕೇಂದ್ರದ ಸಲಹೆಗಾರರನ್ನು ವಿಚಾರಿಸಿ. ಆ ಕೇಂದ್ರದ ಸಲಹೆಗೆ ಶುಲ್ಕವಿಲ್ಲ. ಸ್ಟೇಟ್‌ಮೆಂಟ್‌ಗಳನ್ನೆಲ್ಲ ಹಿಡಿದುಕೊಂಡು ಹೋಗಿ, ಕೈಸಾಲವನ್ನೂ ಮುಚ್ಚಿಡದೆ ಹೇಳಿ. ಒಂದು ಸಾಲ ಬಚ್ಚಿಟ್ಟರೂ ಅವರು ಹಾಕಿಕೊಡುವ ಲೆಕ್ಕ ಮೂರನೇ ತಿಂಗಳಿಗೇ ಮುರಿಯುತ್ತದೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಪೂಜೆಯ ನಂತರ ನನಗೆ ಹೇಳಿ, ಜೊತೆಗೆ ಬರುತ್ತೇನೆ.