ಎರಡು ಹೆಸರುಗಳ ನಡುವಣ ದೂರ

ಎರಡು ಲಿಪಿಗಳ ನಡುವೆ ಬದುಕುವ ನಮ್ಮ ತಾಳವಾಡಿ ಸೀಮೆಯಲ್ಲಿ ಹೆಸರುಗಳು ಸವೆಯುವುದುಂಟು. ದಾಖಲೆಯೊಂದರಲ್ಲಿ ‘ಪಣಕಹಳ್ಳಿ’ಯು ‘ಪನಹಳ್ಳಿ’ಯಾಗಿ, ಬಾಲಕನೊಬ್ಬನ ವರ್ಗಾವಣೆ ಪತ್ರವೇ ನಿಂತಿತು. ಇವೆರಡರ ದೂರವೆಷ್ಟು? ಒಂದಕ್ಷರವನ್ನು ಸೇರಿಸುವುದು, ಅಳಿಸುವುದು, ಬದಲಿಸುವುದು, ಪ್ರತಿಯೊಂದನ್ನೂ ಒಂದು ತಿದ್ದುಪಡಿಯೆಂದು ಎಣಿಸುವ ಕ್ರಮವನ್ನು ಸೋವಿಯತ್ ಗಣಿತಜ್ಞ ಲೆವೆನ್‌ಷ್ಟೈನ್ 1965ರಲ್ಲಿ ಪ್ರಕಟಿಸಿದರು.

```
      –  ಪ  ನ  ಹ  ಳ್ಳಿ
–     0  1  2  3  4
ಪ     1  0  1  2  3
ಣ     2  1  1  2  3
ಕ     3  2  2  2  3
ಹ     4  3  3  2  3
ಳ್ಳಿ    5  4  4  3  2
```

ಪ್ರತಿ ಮನೆಯೂ ಒಂದು ಚಿಕ್ಕ ಪ್ರಶ್ನೆಯ ಉತ್ತರ: ಎಡಗಡೆಯ ಹೆಸರನ್ನು ಅಲ್ಲಿಯವರೆಗೆ ಓದಿ, ಮೇಲಿನ ಹೆಸರಿನ ಅಷ್ಟು ಭಾಗವಾಗಿಸಲು ಎಷ್ಟು ತಿದ್ದುಪಡಿ ಬೇಕು? ಶೂನ್ಯದಿಂದ ನಾಲ್ಕಕ್ಷರ ಕಟ್ಟಲು ನಾಲ್ಕು ಸೇರ್ಪಡೆ. ಆದ್ದರಿಂದ ಮೊದಲ ಸಾಲು 0ಯಿಂದ 4.

ಮುಂದೆ ಕೊನೆಯ ಅಕ್ಷರವನ್ನಷ್ಟೇ ನೋಡಬೇಕು. ಎರಡೂ ಒಂದೇ ಆಗಿದ್ದರೆ ಓರೆಯಾಗಿ ಮೇಲಿನ ಎಡಮನೆಯ ಅಂಕ ಹಾಗೆಯೇ ಇಳಿಯುತ್ತದೆ. ಬೇರೆಯಾದರೆ ಮೇಲಿನದು ಅಳಿಸುವ ದಾರಿ, ಎಡದ್ದು ಸೇರಿಸುವ ದಾರಿ, ಓರೆಯದು ಬದಲಿಸುವ ದಾರಿ. ಮೂರರಲ್ಲಿ ಕಿರಿದಾದುದಕ್ಕೆ ಒಂದನ್ನು ಕೂಡಿಸಬೇಕು. ‘ಣ’ ಮತ್ತು ‘ನ’ ಸೇರುವ ಮನೆಗೆ ಓರೆಯ 0 ಸಿಕ್ಕಿ 1 ಆಯಿತು.

ಕೊನೆಯ ಮನೆ 2: ಣಕಾರ ಬದಲಾಯಿತು, ಕಕಾರ ಅಳಿಯಿತು. ಬದಲಿಸುವುದನ್ನು ನಿಷೇಧಿಸಿದರೆ ದೂರ 3 ಆಗುತ್ತದೆ. ಏಕೆಂದರೆ ಕ್ರಮ ತಪ್ಪದೆ ಎರಡರಲ್ಲೂ ಉಳಿಯುವ ಅತಿ ಉದ್ದದ ಸರಣಿ ‘ಪ, ಹ, ಳ್ಳಿ’, ಮೂರಕ್ಷರ; ಐದು ಮತ್ತು ನಾಲ್ಕು ಕೂಡಿಸಿ ಅದರ ಇಮ್ಮಡಿ ಕಳೆದರೆ ಮೂರೇ.

ಆದರೆ ದೂರ ಕಿರಿದೆಂದು ಊರು ಒಂದೇ ಎನ್ನಲಾಗದು. ‘ಹಳ್ಳಿ’, ‘ಬಳ್ಳಿ’ಗಳ ದೂರವೂ ಒಂದೇ! ಕೋಷ್ಟಕವು ಸಂಶಯದ ಹೆಸರುಗಳನ್ನು ಹೆಕ್ಕಿಕೊಡುತ್ತದೆ. ತೀರ್ಮಾನಕ್ಕೆ ತಂದೆಯ ಹೆಸರನ್ನೂ ಜನ್ಮದಿನವನ್ನೂ ನೋಡಲೇಬೇಕು.