ಸೇಲ್ಸ್ ಪಾಠ, ಭಾಗ 7: ಟಾರ್ಗೆಟ್ ಆಗಿಲ್ಲ, ಆದ್ರೆ ಅಂಗಡಿಯವರಿಗೆಲ್ಲ ಅಚ್ಚುಮೆಚ್ಚು

ಓದು ಮುಗಿಸಿ ಏರಿಯಾ ಮ್ಯಾನೇಜರ್ ಆಗಿ ಹೋದ್ರೆ ಇಂಥ ಒಬ್ಬ ಸೇಲ್ಸ್ ರೆಪ್ ನಿಮಗೆ ಸಿಕ್ಕೇ ಸಿಗ್ತಾರೆ. ವಯಸ್ಸಲ್ಲಿ ನಿಮಗಿಂತ ದೊಡ್ಡವರು. ಅಂಗಡಿಯವರು ಅವರನ್ನ ಕೂರಿಸಿ ಚಹಾ ಕೊಡ್ತಾರೆ, ಮಗಳ ಮದುವೆಗೆ ಕರೀತಾರೆ. ಟಾರ್ಗೆಟ್ ಮಾತ್ರ ಆಗಿಲ್ಲ. ಕ್ವಾರ್ಟರ್ ರಿವ್ಯೂಗೆ ಎದುರು ಕೂತಿದ್ದಾರೆ. ಏನ್ ಹೇಳ್ತೀರಾ?

ತುಂಬಾ ಜನ ಮಾಡೋದು ಇಷ್ಟೇ: ಮೊದಲು ಸಂಬಂಧ ಹೊಗಳೋದು, ನಡುವೆ ನಂಬರ್‌ಗೆ ಬೈಯೋದು, ಕೊನೆಗೆ ‘ಮುಂದಿನ ಸಲ ನೋಡ್ಕೊಳ್ಳಿ’ ಅನ್ನೋದು. ನನ್ನ ಪ್ರಕಾರ ಇದು ರಿವ್ಯೂನೇ ಅಲ್ಲ. ಸಂಬಂಧ ನಿಜವಾಗ್ಲೂ ಚೆನ್ನಾಗಿದ್ರೆ ಅದು ಬಿಲ್‌ನಲ್ಲಿ ಎಲ್ಲೋ ಒಂದು ಕಡೆ ಕಾಣಬೇಕು. ಎಲ್ಲಿ ಕಾಣ್ತಿದೆ, ಎಲ್ಲಿ ಕಾಣ್ತಿಲ್ಲ ಅಂತ ಇಬ್ಬರೂ ಕೂತು ಹುಡುಕೋದೇ ರಿವ್ಯೂ.

ಒಂದು ಲೆಕ್ಕ ಮಾಡೋಣ. ದಾವಣಗೆರೆಯಲ್ಲಿ ಬಿಸ್ಕತ್ತು, ಕುರುಕಲು ತಿಂಡಿ ಮಾರೋ ಒಬ್ಬ ರೆಪ್ ಅಂದ್ಕೊಳ್ಳಿ. ಕ್ವಾರ್ಟರ್ ಟಾರ್ಗೆಟ್ 30 ಲಕ್ಷ, ಆಗಿದ್ದು 24 ಲಕ್ಷ. ‘ಆರು ಲಕ್ಷ ಕಮ್ಮಿ’ ಅಂತ ಹೇಳಿದ್ರೆ ಅವರು ತಲೆ ತಗ್ಗಿಸ್ತಾರೆ, ಅಷ್ಟೇ. ಅದನ್ನೇ 75 ಕೆಲಸದ ದಿನಕ್ಕೆ ಒಡೀರಿ. ದಿನಕ್ಕೆ 40,000 ಆಗಬೇಕಿತ್ತು, 32,000 ಆಗಿದೆ. ದಿನಕ್ಕೆ 40 ಅಂಗಡಿಗೆ ಹೋಗ್ತಾರೆ, 20 ಬಿಲ್ ಆಗತ್ತೆ, ಒಂದು ಬಿಲ್ ಸರಾಸರಿ 1,600 ರೂಪಾಯಿ. ಈಗ ಪ್ರಶ್ನೆ ಚಿಕ್ಕದಾಯ್ತು: ದಿನಕ್ಕೆ ಇನ್ನೂ ಐದು ಬಿಲ್ ಬೇಕಾ, ಅಥವಾ ಇರೋ ಬಿಲ್‌ಗೇ 400 ರೂಪಾಯಿ ಸೇರಬೇಕಾ?

ಉತ್ತರ ಅಂಗಡಿವಾರು ಲೆಡ್ಜರ್‌ನಲ್ಲಿದೆ. ಅವರ ಆಪ್ತ ಅಂಗಡಿಗಳನ್ನ ಬೇರೆ ಮಾಡಿ ನೋಡಿ. ದುಡ್ಡು ಹೇಳಿದ ದಿನಕ್ಕೆ ಬರ್ತಿದೆ, ಮಾಲು ವಾಪಸ್ ಬರ್ತಿಲ್ಲ, ಪ್ರತಿ ವಾರ ಆರ್ಡರ್ ಇದೆ. ಅಂದ್ರೆ ಸಂಬಂಧ ನಿಜ. ಆದ್ರೆ ಪ್ರತಿ ಬಿಲ್‌ನಲ್ಲೂ ಅವೇ ಮೂರು ಐಟಂ, ಪಟ್ಟಿಯಲ್ಲಿ ಹನ್ನೆರಡು ಇದ್ರೂ. ಯಾಕೆ?

ಇಲ್ಲಿ ಅವಸರ ಮಾಡ್ಬೇಡಿ. ಒಂದು ದಿನ ಅವರ ಜೊತೆ ಬೀಟ್‌ಗೆ ಹೋಗಿ, ಬಾಯ್ಮುಚ್ಕೊಂಡು ಶೆಲ್ಫ್ ನೋಡಿ. ಆ ಥರದ ತಿಂಡಿಯನ್ನೇ ಅಂಗಡಿಯವರು ಇಡಲ್ಲ ಅಂದ್ರೆ ಅದು ಮಾರ್ಕೆಟ್ ವಿಷಯ. ಅದೇ ತಿಂಡಿ ಬೇರೆ ಕಂಪನಿದು ಅಲ್ಲಿ ನೇತಾಡ್ತಿದ್ರೆ, ನಮ್ಮವರು ಕೇಳಿಲ್ಲ ಅನ್ನೋ ಅನುಮಾನ ಬರಬೇಕು. ಇಂಥ ರೆಪ್‌ಗಳಿಗೆ ಕೇಳೋಕೆ ಸಂಕೋಚ. ಹೊಸ ಮಾಲು ಇಟ್ಟು, ಅದು ಓಡದಿದ್ರೆ, ಅಷ್ಟು ವರ್ಷದ ಸ್ನೇಹ ಕೆಡತ್ತೆ ಅನ್ನೋ ಭಯ. ಸೋಮಾರಿತನ ಅಂತ ನಾವು ಬರೆದಿಡೋದು ಎಷ್ಟೋ ಸಲ ಈ ಭಯವನ್ನ.

ಹಾಗಂತ ಪೂರ್ತಿ ಅವರ ಮೇಲೆ ಹಾಕ್ಬೇಡಿ. ರಿವ್ಯೂಗೆ ಮುಂಚೆ ನಿಮ್ಮ ಪಾಲೂ ನೋಡ್ಕೊಳ್ಳಿ. ಅವರು ತಂದ ಆರ್ಡರ್‌ನಲ್ಲಿ ಡಿಸ್ಟ್ರಿಬ್ಯೂಟರ್ ಎಷ್ಟು ಸಪ್ಲೈ ಮಾಡಿದ್ದಾರೆ? ಗೋಡೌನ್‌ನಲ್ಲಿ ಮೂರು ವಾರ ಸ್ಟಾಕೇ ಇರಲಿಲ್ಲ ಅಂದ್ರೆ ಆ ನಷ್ಟವನ್ನ ಅವರ ಹೆಸರಲ್ಲಿ ಬರೆಯೋದು ಅನ್ಯಾಯ.

ಈ ನಂಬರ್‌ಗಳನ್ನ ಎರಡು ದಿನ ಮುಂಚೆನೇ ಅವರಿಗೆ ಕೊಡಿ. ರಿವ್ಯೂ ದಿನ ಮೊದಲು ಅವರೇ ಮಾತಾಡ್ಲಿ. ಆಮೇಲೆ ನೇರವಾಗಿ ಹೇಳಿ: “ಸರ್, ಟಾರ್ಗೆಟ್‌ನ 80% ಆಗಿದೆ, ರೇಟಿಂಗ್ ಅದಕ್ಕೆ ತಕ್ಕ ಹಾಗೇ ಇರತ್ತೆ. ಆದ್ರೆ ನಿಮ್ಮ ಅಂಗಡಿಗಳಲ್ಲಿ ಬಾಕಿ ಇಲ್ಲ, ರಿಟರ್ನ್ ಇಲ್ಲ. ನೀವು ಕೇಳಿದ್ರೆ ಇಲ್ಲ ಅನ್ನದ ಮೂವತ್ತು ಅಂಗಡಿ ಯಾವ್ದು, ನೀವೇ ಬರೀರಿ.” ಆ ಮೂವತ್ತರಲ್ಲಿ ಎರಡು ಹೊಸ ಐಟಂ, ಚಿಕ್ಕ ಪ್ರಮಾಣದಲ್ಲಿ. ಓಡದಿದ್ರೆ ವಾಪಸ್ ತಗೋತೀವಿ ಅನ್ನೋ ಮಾತು ನಿಮ್ಮದು. ಅದಕ್ಕೆ ಮೇಲಿನವರ ಒಪ್ಪಿಗೆಯನ್ನ ಮೊದಲೇ ತಗೊಂಡಿರಿ. ಇಲ್ಲದಿದ್ರೆ ಕೆಡೋದು ಅವರ ಹೆಸರು, ನಿಮ್ಮದಲ್ಲ.

ಇದನ್ನ ನೋಡೋಕೆ ಮುಂದಿನ ಕ್ವಾರ್ಟರ್ ತನಕ ಕಾಯ್ಬೇಡಿ. ನಾಲ್ಕು ವಾರಕ್ಕೆ ಕೂತ್ಕೊಳ್ಳಿ. ನೋಡಬೇಕಾದ್ದು ಮೊದಲ ಆರ್ಡರ್ ಅಲ್ಲ, ಅದು ದಾಕ್ಷಿಣ್ಯಕ್ಕೂ ಸಿಗತ್ತೆ. ಅದೇ ಐಟಂ ಎರಡನೇ ಸಲ ಬಿಲ್ ಆಯ್ತಾ ಅನ್ನೋದು ಮುಖ್ಯ. ಆಗಿದ್ರೆ ದಾರಿ ಸರಿ ಇದೆ. ಕೇಳಿದ್ರೂ ಅಂಗಡಿಯವರು ತಗೊಳ್ಳಲಿಲ್ಲ ಅಂದ್ರೆ ಟಾರ್ಗೆಟ್ ಬಗ್ಗೆ ಮೇಲಿನವರ ಹತ್ರ ಮಾತಾಡೋ ಸರದಿ ನಿಮ್ಮದು. ನಾಲ್ಕು ವಾರ ಆದ್ರೂ ಕೇಳೇ ಇಲ್ಲ ಅಂದ್ರೆ, ಆಗ ಈ ಬೀಟ್ ಅವರಿಗೆ ಸರೀನಾ, ಅಥವಾ ವಸೂಲಿ, ದೊಡ್ಡ ಅಂಗಡಿಗಳ ಜವಾಬ್ದಾರಿ ಕೊಡೋದು ಒಳ್ಳೇದಾ ಅಂತ ಬಿಚ್ಚಿ ಮಾತಾಡಿ.

ನಿಮ್ಮ ಇಂಟರ್ನ್‌ಶಿಪ್‌ನಲ್ಲಿ ಇಂಥವರನ್ನ ನೋಡಿದ್ದೀರಾ? ಅವರ ಬಿಲ್‌ನಲ್ಲಿ ಎಷ್ಟು ಐಟಂ ಇರ್ತಿತ್ತು? ಕಾಮೆಂಟ್‌ನಲ್ಲಿ ಬರೀರಿ. ಭಾಗ 8ರಲ್ಲಿ ಇದರ ಉಲ್ಟಾ ಕೇಸ್: ಟಾರ್ಗೆಟ್ ಆಗಿದೆ, ಬಾಕಿ ಮಾತ್ರ ಬೆಟ್ಟದಷ್ಟು.

#ಸೇಲ್ಸ್‌ಪಾಠ #ಕನ್ನಡದಲ್ಲಿಮ್ಯಾನೇಜ್‌ಮೆಂಟ್